ಸಿಮ್, ಬ್ಯಾಂಕ್, ಪ್ಯಾನ್: ಖಾಸಗಿತನದ ಮೂರು ಪರೀಕ್ಷೆ

ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ 2012ರಲ್ಲಿ ಆಧಾರ್ ಯೋಜನೆಯನ್ನು ಪ್ರಶ್ನಿಸಿ ಸುಪ್ರೀಂ ಕೋರ್ಟಿನ ಮೆಟ್ಟಿಲೇರಿದರು. ಖಾಸಗಿತನ ಮೂಲಭೂತ ಹಕ್ಕೇ ಅಲ್ಲ ಎಂದು ಸರ್ಕಾರ ವಾದಿಸಿತು. 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ ಒಮ್ಮತದಿಂದ ಆ ವಾದವನ್ನು ತಳ್ಳಿಹಾಕಿತು. ಸಂವಿಧಾನದ 21ನೇ ವಿಧಿ ಕೊಡುವ ವೈಯಕ್ತಿಕ ಸ್ವಾತಂತ್ರ್ಯದಲ್ಲೇ ಖಾಸಗಿತನವೂ ಸೇರಿದೆ ಎಂದಿತು.

ಆದರೆ ಈ ಹಕ್ಕಿಗೂ ಮಿತಿಯಿದೆ. ಸರ್ಕಾರ ಅದರೊಳಗೆ ಕೈ ಹಾಕಿದಾಗ ಕೋರ್ಟು ಮುಖ್ಯವಾಗಿ ಮೂರು ಪ್ರಶ್ನೆ ಕೇಳುತ್ತದೆ. ಅದಕ್ಕೆ ಕಾನೂನಿನ ಬಲವಿದೆಯೇ? ಉದ್ದೇಶ ನ್ಯಾಯಸಮ್ಮತವೇ? ಆ ಉದ್ದೇಶಕ್ಕೆ ಬೇಕಾದಷ್ಟೇ ಕ್ರಮವೇ, ಅತಿಯಾಯಿತೇ?

2018ರ ಆಧಾರ್ ತೀರ್ಪಿನಲ್ಲಿ ಈ ಪ್ರಶ್ನೆಗಳು ಕೆಲಸ ಮಾಡಿದ ಬಗೆ ಕಾಣುತ್ತದೆ. ಮೊಬೈಲ್ ಸಿಮ್‌ಗೆ ಆಧಾರ್ ಜೋಡಿಸಬೇಕೆಂದದ್ದು ದೂರಸಂಪರ್ಕ ಇಲಾಖೆಯ ಸುತ್ತೋಲೆ, ಹಿಂದೆ ಕಾನೂನಿರಲಿಲ್ಲ. ಹಾಗಾಗಿ ಅದು ಮೊದಲ ಪ್ರಶ್ನೆಯಲ್ಲೇ ಬಿದ್ದಿತು. ಬ್ಯಾಂಕ್ ಖಾತೆಗೆ ನಿಯಮವಿತ್ತು, ಕಪ್ಪುಹಣ ತಡೆಯುವ ಉದ್ದೇಶವೂ ಇತ್ತು. ಆದರೆ ಕೆಲವರ ತಪ್ಪಿಗಾಗಿ ಎಲ್ಲ ಖಾತೆದಾರರನ್ನೂ ಶಂಕಿಸುವುದು, ಜೋಡಿಸದವರ ಖಾತೆಯನ್ನೇ ತಡೆಹಿಡಿಯುವುದು ಅತಿಯಾಯಿತೆಂದು ಕೋರ್ಟು ಅದನ್ನು ರದ್ದುಪಡಿಸಿತು. ಪ್ಯಾನ್ ಜೋಡಣೆ ಮಾತ್ರ ಉಳಿಯಿತು: ಆದಾಯ ತೆರಿಗೆ ಕಾಯ್ದೆಯಲ್ಲೇ ಅದಕ್ಕೆ ಕಲಮು ಇತ್ತು, ಒಬ್ಬರೇ ಹಲವು ಪ್ಯಾನ್ ಇಟ್ಟುಕೊಳ್ಳುವುದನ್ನು ತಡೆಯಲು ಅದು ಬೇಕೆಂಬುದನ್ನು ಕೋರ್ಟು ಒಪ್ಪಿತು.

2019ರಲ್ಲಿ ಸಂಸತ್ತು ಕಾಯ್ದೆ ತಿದ್ದಿ, ಸಿಮ್ ಮತ್ತು ಬ್ಯಾಂಕ್ ಖಾತೆಗೆ ಆಧಾರ್ ಕೊಡುವುದನ್ನು ಜನರ ಇಚ್ಛೆಗೆ ಬಿಟ್ಟಿತು.