ಚಿತ್ರದಲ್ಲಿ ಕೂತ ರವಿಕೆ ಮೈಮೇಲೆ ಯಾಕೆ ಕೂರುವುದಿಲ್ಲ?

ಆರ್ಡರ್ ತೆಗೆದುಕೊಳ್ಳುವಾಗ ಈಗ ನಮ್ಮಂಥ ಬೊಟಿಕ್‌ನವರು ಗಿರಾಕಿಗಳ ಫೋನಿಗೆ ಒಂದು ಪ್ರಿವ್ಯೂ ಚಿತ್ರ ಕಳಿಸುತ್ತೇವೆ. ಸೀರೆಯ ಬಣ್ಣ, ಆರಿಸಿದ ಕುತ್ತಿಗೆ, ತೋಳು, ಆರಿ ವರ್ಕ್ ಎಲ್ಲ ಸೇರಿದ ಚಿತ್ರ ಅದು. ಕೆಳಗೆ ಒಂದು ಸಾಲಿರುತ್ತದೆ: ‘ಇದು ಡಿಸೈನ್ ತೋರಿಸಲು ಮಾತ್ರ, ಹೊಲಿದ ಮೇಲೆ ಫಿಟಿಂಗ್‌ನಲ್ಲಿ ವ್ಯತ್ಯಾಸ ಇರುತ್ತದೆ.’ ಬಹಳ ಮಂದಿ ಅದನ್ನು ಓದುವುದಿಲ್ಲ. ಓದಿದವರು, ಮುಂದೆ ಜಗಳ ಬಂದರೆ ಕೈ ತೊಳೆದುಕೊಳ್ಳಲು ಬರೆದದ್ದು ಅಂದುಕೊಳ್ಳುತ್ತಾರೆ. ಸ್ವಲ್ಪ ಮಟ್ಟಿಗೆ ಅದೂ ನಿಜವೇ. ಆದರೆ ಆ ಒಂದು ಸಾಲಿನ ಹಿಂದೆ ಕತ್ತರಿ, ಟೇಪು, ಬಟ್ಟೆಯ ಲೆಕ್ಕ ಸಾಕಷ್ಟಿದೆ. ಮದುವೆ ಸೀಸನ್ನಿನಲ್ಲಿ ಹೆಚ್ಚು ಬೇಡಿಕೆಯಿರುವ ಒಂದೇ ರವಿಕೆಯನ್ನು ಹಿಡಿದು ಅದನ್ನು ಹೇಳುತ್ತೇನೆ: ಮುಂದೆ ಬೋಟ್ ನೆಕ್, ಹಿಂದೆ ಡೀಪ್ ನೆಕ್, ಬೆನ್ನು ತುಂಬ ಆರಿ ವರ್ಕ್.

ಗಿರಾಕಿಯ ಎದೆ ಸುತ್ತಳತೆ 36 ಇಂಚು, ಭುಜದಿಂದ ಭುಜಕ್ಕೆ 14 ಇಂಚು, ರವಿಕೆಯ ಉದ್ದ 14 ಇಂಚು ಅಂತಿಟ್ಟುಕೊಳ್ಳಿ. ಚಿತ್ರದಲ್ಲಿ ಬೆನ್ನಿನ ಕುತ್ತಿಗೆ ಸೊಂಟದವರೆಗೂ ಇಳಿದಿದೆ. ಅಳತೆಗೆ ತಂದರೆ ಅದು ಸುಮಾರು 11 ಇಂಚು. ಅಂದರೆ ಬೆನ್ನಿನಲ್ಲಿ ಉಳಿಯುವುದು 3 ಇಂಚಿನ ಪಟ್ಟಿ. ಬಿಗಿಯಾದ ರವಿಕೆಯ ಎಳೆತವನ್ನೆಲ್ಲ ಹಿಂದುಗಡೆ ಆ ಪಟ್ಟಿಯೊಂದೇ ತಡೆಯಬೇಕು. ಅದು ಮೈಗೆ ಒತ್ತುತ್ತದೆ, ಮೇಲಿನ ಚರ್ಮ ಸಣ್ಣ ಮಡಿಕೆಯಾಗಿ ಉಬ್ಬುತ್ತದೆ. ತೆಳ್ಳಗಿರುವವರಿಗೂ ಹೀಗಾಗುತ್ತದೆ, ಇದು ಮೈಯ ದೋಷವಲ್ಲ. ಚಿತ್ರದಲ್ಲಿ ಬೆನ್ನು ಹಲಗೆಯ ಹಾಗೆ ನಯವಾಗಿರುವುದು ಅಲ್ಲಿ ಬಟ್ಟೆ ಯಾರನ್ನೂ ಬಿಗಿಯುತ್ತಿಲ್ಲವಾದ್ದರಿಂದ. ಈ ಅಳತೆಗೆ ನಾನು 9 ಇಂಚಿನ ಆಳ ಸಾಕು ಅನ್ನುತ್ತೇನೆ. ಆಗ ಕೆಳಗೆ 5 ಇಂಚು ಬಟ್ಟೆ ಸಿಗುತ್ತದೆ.

ಇನ್ನು ಭುಜ. ಬೋಟ್ ನೆಕ್ ಅಗಲವಾಗಿರಬೇಕು, 10 ಇಂಚು ಬಿಟ್ಟರೆ ಪ್ರತಿ ಭುಜದ ಮೇಲೆ ಉಳಿಯುವುದು 2 ಇಂಚು ಮಾತ್ರ. ಬೆನ್ನು ಮುಚ್ಚಿದ್ದರೆ ಇದು ಸಮಸ್ಯೆಯೇ ಅಲ್ಲ, ಹಿಂದಿನ ಬಟ್ಟೆ ಎರಡೂ ಭುಜಗಳನ್ನು ಒಳಕ್ಕೆ ಹಿಡಿದಿಟ್ಟಿರುತ್ತದೆ. ಬೆನ್ನು ತೆರೆದಾಗ ಆ ಹಿಡಿತ ಹೋಗುತ್ತದೆ. ಎರಡು ಹೆಜ್ಜೆ ನಡೆದರೆ ಭುಜ ಜಾರಿ ತೋಳಿನ ಮೇಲೆ ಬರುತ್ತದೆ. ಇದಕ್ಕೆ ಮೇಲ್ಗಡೆ ಡೋರಿ ಕಟ್ಟಬೇಕು, ಇಲ್ಲವೇ ಹಿಂದಿನ ಕುತ್ತಿಗೆಯ ಅಗಲ ಕಡಿಮೆ ಮಾಡಿ ಭುಜವನ್ನು ಅರ್ಧ ಇಂಚು ಒಳಗೆ ತರಬೇಕು. ಡೋರಿ ಬರೀ ಅಲಂಕಾರ, ಕೆಳಗೆ ತೂಗುವ ಲಟ್ಕನ್‌ಗೋಸ್ಕರ ಇರುವುದು ಅಂತ ತಿಳಿದವರೇ ಹೆಚ್ಚು. ಡೀಪ್ ನೆಕ್‌ನಲ್ಲಿ ಅದು ರವಿಕೆಯನ್ನು ಜಾರದಂತೆ ಹಿಡಿಯುತ್ತದೆ. ‘ಅಕ್ಕಾ, ಫೋಟೋದಲ್ಲಿ ದಾರ ಇಲ್ಲವಲ್ಲ, ನನಗೂ ಬೇಡ’ ಅಂದವರಿಗೆ ಮುಂಭಾಗದ ಫೋಟೋ ಬೇರೆ, ಹಿಂಭಾಗದ ಫೋಟೋ ಬೇರೆ ಎಂದು ವಿವರಿಸುವುದೇ ಒಂದು ಕೆಲಸ. ಎರಡೂ ಒಂದೇ ರವಿಕೆಯಲ್ಲಿ ಸೇರಿದಾಗ ಏನಾಗುತ್ತದೆ ಎಂಬುದನ್ನು ಚಿತ್ರ ತೋರಿಸುವುದಿಲ್ಲ. ರೂಪದರ್ಶಿ ತೊಟ್ಟ ಫೋಟೋಗಳಲ್ಲೂ ಕ್ಯಾಮೆರಾಕ್ಕೆ ಕಾಣದ ಕಡೆ ಕ್ಲಿಪ್ಪು, ಪಿನ್ನು ಹಾಕಿ ಬಟ್ಟೆ ಎಳೆದಿರುವುದುಂಟು.

ಚಿತ್ರ ಮುಚ್ಚಿಡುವ ಇನ್ನೊಂದು ಜಾಗ ಕಂಕುಳು. ಚಿತ್ರದಲ್ಲಿ ಕೈ ಯಾವಾಗಲೂ ಕೆಳಗೇ ಇರುತ್ತದೆ. ಮದುವೆ ಮನೆಯಲ್ಲಿ ಹಾಗಿರುತ್ತದೆಯೇ? ಜಡೆಗೆ ಹೂವು ಮುಡಿಯಬೇಕು, ಅಕ್ಷತೆ ಹಾಕಬೇಕು, ಮಗುವನ್ನು ಎತ್ತಿಕೊಳ್ಳಬೇಕು. ಕೈ ಸಲೀಸಾಗಿ ಆಡಲಿ ಎಂದು ಕಂಕುಳನ್ನು ಕೆಳಗೆ ಇಳಿಸಿ ಕತ್ತರಿಸಿ ಅನ್ನುವವರಿದ್ದಾರೆ. ಆಗುವುದು ತಿರುಗುಮುರುಗು. ಕಂಕುಳು ಕೆಳಗಿಳಿದಷ್ಟೂ ಪಕ್ಕದ ಹೊಲಿಗೆ ಗಿಡ್ಡವಾಗುತ್ತದೆ, ಕೈ ಎತ್ತಿದಾಗ ತೋಳು ಇಡೀ ರವಿಕೆಯನ್ನೇ ಮೇಲಕ್ಕೆ ಎಳೆದುಕೊಂಡು ಹೋಗುತ್ತದೆ. ಮೈಗೆ ಹತ್ತಿರ, ಎತ್ತರದಲ್ಲಿ ಕತ್ತರಿಸಿದ ಕಂಕುಳಲ್ಲೇ ಕೈ ಚೆನ್ನಾಗಿ ಆಡುತ್ತದೆ. ಉಸಿರಿಗೂ ಜಾಗ ಬೇಕು. ಮೈಯ ಅಳತೆ 36 ಇದ್ದರೆ ಹೊಲಿದ ರವಿಕೆ 37ರಿಂದ 38 ಇಂಚಿನವರೆಗೆ ಇರಬೇಕಾಗುತ್ತದೆ. ಚಿತ್ರದ ರವಿಕೆಗೆ ಈ ಒಂದೆರಡು ಇಂಚಿನ ಹಂಗಿಲ್ಲ, ಅದು ಮೈಗೆ ಬಳಿದ ಬಣ್ಣದ ಹಾಗೆ ಅಂಟಿಕೊಂಡಿರುತ್ತದೆ.

ಮುಂಭಾಗದ ವಿಷಯ ಬೇಗ ಹೇಳಿಬಿಡುತ್ತೇನೆ. ಚಪ್ಪಟೆ ಬಟ್ಟೆ ಎದೆಯ ಉಬ್ಬಿಗೆ ಕೂರಬೇಕಾದರೆ ಟಕ್ಸ್ ಹಿಡಿಯಬೇಕು, ಇಲ್ಲವೇ ಪ್ರಿನ್ಸೆಸ್ ಕಟ್ ಅಥವಾ ಕಟೋರಿ ಮಾಡಿ ತುಂಡು ಜೋಡಿಸಬೇಕು. ಎಲ್ಲೋ ಒಂದು ಕಡೆ ಹೊಲಿಗೆ ಬಂದೇ ಬರುತ್ತದೆ, ಅಂಚಿನ ಮಾವು, ನವಿಲು ಅಲ್ಲಿ ಕತ್ತರಿಸಿಹೋಗುತ್ತದೆ. ಚಿತ್ರದಲ್ಲಿ ನವಿಲು ಇಡಿಯಾಗಿರುತ್ತದೆ.

ಬಟ್ಟೆಯ ಸ್ವಭಾವ ಇದಕ್ಕಿಂತ ದೊಡ್ಡ ವಿಷಯ. ಮೈಸೂರು ಸಿಲ್ಕ್ ಕ್ರೇಪ್ ಬಟ್ಟೆ, ಹುರಿ ಹೆಚ್ಚು ಕೊಟ್ಟ ನೂಲಿನಲ್ಲಿ ನೇಯ್ದದ್ದು. ಕೈಯಲ್ಲಿ ಹಿಡಿದರೆ ಜಾರುತ್ತದೆ, ಮೈಮೇಲೆ ಇಳಿಬೀಳುತ್ತದೆ. ರಾ ಸಿಲ್ಕ್ ಹಾಗಲ್ಲ, ಅದು ಸೆಟೆದು ನಿಲ್ಲುತ್ತದೆ. ಒಂದೇ ಕಟಿಂಗ್‌ನ ಬಫ್ ತೋಳನ್ನು ಎರಡರಲ್ಲೂ ಹೊಲಿದು ನೋಡಿ. ರಾ ಸಿಲ್ಕಿನ ಬಫ್ ಉಬ್ಬಿ ನಿಂತರೆ, ಕ್ರೇಪಿನ ಬಫ್ ಸಂಜೆಯ ಹೊತ್ತಿಗೆ ಮಲಗಿರುತ್ತದೆ, ಒಳಗೆ ಗಟ್ಟಿ ನೆಟ್ ಕೊಡದೆ ಅದು ನಿಲ್ಲುವುದಿಲ್ಲ. ಪ್ರಿವ್ಯೂ ಚಿತ್ರದಲ್ಲಿ ಬಟ್ಟೆ ಯಾವುದಾದರೂ ಬಫ್ ಒಂದೇ ಥರ. ಒಳಗಿನ ಲೈನಿಂಗ್ ಅಂತೂ ಚಿತ್ರಕ್ಕೆ ಬರುವುದೇ ಇಲ್ಲ. ಹತ್ತಿಯ ಲೈನಿಂಗನ್ನು ನೀರಿನಲ್ಲಿ ನೆನೆಸಿ, ಒಣಗಿಸಿ, ಇಸ್ತ್ರಿ ಮಾಡಿ ಆಮೇಲೆ ಕತ್ತರಿಸಬೇಕು. ಅವಸರಕ್ಕೆ ಇದನ್ನು ಬಿಟ್ಟರೆ ಮೊದಲ ಒಗೆತದಲ್ಲಿ ಲೈನಿಂಗ್ ಕುಗ್ಗಿ, ಮೇಲಿನ ರೇಷ್ಮೆ ಸುಕ್ಕುಗಟ್ಟಿ ನಿಲ್ಲುತ್ತದೆ.

ಆರಿ ವರ್ಕ್ ಇದ್ದರೆ ಕೆಲಸದ ಕ್ರಮವೇ ಬದಲಾಗುತ್ತದೆ. ಮೊದಲು ಬಟ್ಟೆಯ ಮೇಲೆ ರವಿಕೆಯ ಗುರುತು ಹಾಕುತ್ತೇವೆ, ಮಗ್ಗಕ್ಕೆ ಬಿಗಿದು ವರ್ಕ್ ಮಾಡಿಸುತ್ತೇವೆ, ಆಮೇಲಷ್ಟೇ ಕತ್ತರಿ. ಮಗ್ಗದಿಂದ ಬಿಚ್ಚಿದಾಗ ದಾರ, ಮಣಿಗಳ ಎಳೆತಕ್ಕೆ ಬಟ್ಟೆ ಸ್ವಲ್ಪ ಒಳಕ್ಕೆ ಸೇದಿಕೊಂಡಿರುತ್ತದೆ. ಅದಕ್ಕೇ ಗುರುತು ಹಾಕುವಾಗಲೇ ಸುತ್ತ ಹೆಚ್ಚು ಬಟ್ಟೆ ಬಿಡಬೇಕು. ಇನ್ನೊಂದು ಫಜೀತಿ ಏನೆಂದರೆ, ಕುತ್ತಿಗೆ ಸುತ್ತ ವರ್ಕ್ ಬಂದ ಮೇಲೆ ಅದರ ಆಳ ಬದಲಿಸಲು ಬರುವುದಿಲ್ಲ. ಟ್ರಯಲ್ ದಿನ ‘ಒಂದು ಇಂಚು ಮೇಲೆ ಮಾಡಿ’ ಅಂದರೆ ಕಟಿಂಗ್ ಮಾಸ್ಟರ್ ನನ್ನ ಮುಖ ನೋಡುತ್ತಾರೆ, ನಾನು ಗಿರಾಕಿಯ ಮುಖ ನೋಡುತ್ತೇನೆ. ಆದ್ದರಿಂದ ದುಬಾರಿ ವರ್ಕ್ ಇದ್ದಾಗ ಮೊದಲು ಬರೀ ಲೈನಿಂಗ್ ಬಟ್ಟೆಯಲ್ಲಿ ಕಚ್ಚಾ ಹೊಲಿಗೆ ಹಾಕಿ ತೊಡಿಸಿ ನೋಡುತ್ತೇವೆ. ಗಿರಾಕಿಗಳಿಗೆ ಇನ್ನೊಂದು ಸಲ ಬರುವ ತಾಪತ್ರಯ, ನಮಗೆ ಒಂದು ತುಂಡು ಬಟ್ಟೆ ಖರ್ಚು. ಚಿತ್ರ ನೋಡಿ ಒಪ್ಪುವುದಕ್ಕಿಂತ ಇದನ್ನು ತೊಟ್ಟು ಒಪ್ಪುವುದೇ ಲೇಸು.

ಟ್ರಯಲ್‌ನಲ್ಲಿ ಕನ್ನಡಿ ಮುಂದೆ ನೆಟ್ಟಗೆ ನಿಂತರೆ ಚಿತ್ರ ನೋಡಿದಷ್ಟೇ ಲಾಭ. ಎರಡೂ ಕೈ ಎತ್ತಿ ಜಡೆ ಹೆಣೆಯುವಂತೆ ಮಾಡಿ, ಕೂತು ಎದ್ದು, ಮುಂದಕ್ಕೆ ಬಗ್ಗಿ. ಎದೆಯ ಮೇಲೆ ಅಡ್ಡಡ್ಡ ಗೆರೆ ಎದ್ದು ಹುಕ್ಕುಗಳ ನಡುವೆ ಸಂದು ಬಿಟ್ಟರೆ ರವಿಕೆ ಬಿಗಿ. ಕಂಕುಳ ಹತ್ತಿರ ಉದ್ದುದ್ದ ಮಡಿಕೆ ಬಿದ್ದರೆ ಸಡಿಲ. ಕೈ ಎತ್ತಿದಾಗ ಕೆಳಗಿನ ಅಂಚು ಜೊತೆಗೇ ಏರಿದರೆ ಕಂಕುಳು ಇಳಿದಿದೆ. ಪಕ್ಕದ ಹೊಲಿಗೆಯೊಳಗೆ ಒಂದೊಂದು ಇಂಚಿಗೂ ಹೆಚ್ಚು ಮಾರ್ಜಿನ್ ಬಿಟ್ಟಿರುವುದರಿಂದ ಬಿಗಿಯನ್ನು ಬಿಚ್ಚಿಕೊಡಬಹುದು, ಸಡಿಲವನ್ನು ಹಿಡಿಯಬಹುದು. ಆದರೆ ಇಳಿಸಿ ಕತ್ತರಿಸಿದ ಕಂಕುಳು, ಆಳವಾಗಿಬಿಟ್ಟ ಕುತ್ತಿಗೆ ಎರಡಕ್ಕೂ ಬಟ್ಟೆ ಸೇರಿಸಿ ತೇಪೆ ಹಾಕುವುದು ಬಿಟ್ಟರೆ ಬೇರೆ ದಾರಿಯಿಲ್ಲ. ಹಾಗಾಗಿ ಪ್ರಿವ್ಯೂ ಕಳಿಸುವಾಗ ಆ ಹಳೆಯ ಸಾಲಿನ ಕೆಳಗೆ ನಾನೀಗ ಬೆನ್ನಿನ ಆಳ, ಕೆಳಗೆ ಉಳಿಯುವ ಪಟ್ಟಿ, ಭುಜದ ಪಟ್ಟಿ, ಈ ಮೂರನ್ನೂ ಇಂಚಿನಲ್ಲಿ ಬರೆಯುತ್ತೇನೆ. ಮನೆಯಲ್ಲಿ ಟೇಪಿದ್ದರೆ ಬೆನ್ನಿಗೆ ಹಿಡಿದು ನೋಡಿ, ಆಮೇಲೆ ಹೂಂ ಅನ್ನಿ.