ಡೈಕಿರಿ: ಒಂದು ಟೀ ಚಮಚದ ಅಂತರ

ಕ್ಯೂಬಾದ ಪೂರ್ವ ಭಾಗದಲ್ಲಿ, ಸಾಂಟಿಯಾಗೊ ನಗರದ ಹತ್ತಿರ, ಕಡಲ ದಂಡೆಯಲ್ಲಿ ಡೈಕಿರಿ ಎಂಬ ಸಣ್ಣ ಊರಿದೆ. 19ನೇ ಶತಮಾನದ ಕೊನೆಗೆ ಅಲ್ಲಿ ಕಬ್ಬಿಣದ ಅದಿರಿನ ಗಣಿಗಾರಿಕೆ ನಡೆಯುತ್ತಿತ್ತು. ಜೆನ್ನಿಂಗ್ಸ್ ಕಾಕ್ಸ್ ಎಂಬ ಅಮೆರಿಕದ ಗಣಿ ಎಂಜಿನಿಯರ್ ಬಿಳಿ ರಮ್ಮಿಗೆ ನಿಂಬೆರಸ, ಸಕ್ಕರೆ ಬೆರೆಸಿ ಜೊತೆಗಾರರಿಗೆ ಕೊಟ್ಟ, ಆ ಪೇಯಕ್ಕೆ ಊರಿನ ಹೆಸರೇ ನಿಂತಿತು ಎಂದು ಹೇಳುತ್ತಾರೆ. ಕಾಕ್ಸ್ ಕೈಬರಹದ್ದೆನ್ನುವ ಚೀಟಿಯಲ್ಲಿ ಆರು ಜನಕ್ಕೆ ಆರು ನಿಂಬೆಹಣ್ಣಿನ ರಸ, ಆರು ಚಮಚ ಸಕ್ಕರೆ ಎಂದಿದೆ.

ಹಣ್ಣನ್ನು ಎಣಿಸಿ ಹಾಕುವ ಈ ಲೆಕ್ಕದಲ್ಲೇ ತೊಡಕಿದೆ. ಒಂದೇ ಬುಟ್ಟಿಯ ಎರಡು ಹಣ್ಣುಗಳಲ್ಲಿ ಒಂದು ಇನ್ನೊಂದರ ಎರಡರಷ್ಟು ರಸ ಕೊಡುವುದುಂಟು. ಹಾಗಾಗಿ ಇಂದಿನ ಬಾರ್‌ಟೆಂಡರುಗಳು ರಸವನ್ನು ಜಿಗ್ಗರ್‌ನಲ್ಲಿ, ಅಂದರೆ ಗುರುತು ಹಾಕಿದ ಪುಟ್ಟ ಲೋಹದ ಅಳತೆ ಬಟ್ಟಲಿನಲ್ಲಿ, ಅಳೆದೇ ಸುರಿಯುತ್ತಾರೆ. ಚೆನ್ನಾಗಿ ಕೂಡಿಬರುವ ಒಂದು ಅಳತೆ ಹೀಗಿದೆ: 60 ಮಿ.ಲೀ. ಬಿಳಿ ರಮ್, 20 ಮಿ.ಲೀ. ಆಗಷ್ಟೇ ಹಿಂಡಿದ ನಿಂಬೆರಸ, 15 ಮಿ.ಲೀ. ಸಕ್ಕರೆ ಪಾಕ. ಇವನ್ನು ಐಸ್ ತುಂಬಿದ ಶೇಕರ್‌ನಲ್ಲಿ ಹತ್ತು ಹನ್ನೆರಡು ಸೆಕೆಂಡ್ ಜೋರಾಗಿ ಕುಲುಕಿ, ತಣ್ಣನೆಯ ಲೋಟಕ್ಕೆ ಸೋಸುತ್ತಾರೆ.

ಈಗ ಕೈ 5 ಮಿ.ಲೀ. ತಪ್ಪಿತು ಎನ್ನಿ. ಅದು ಒಂದು ಟೀ ಚಮಚದಷ್ಟು. ರಮ್ 60ರ ಬದಲು 65 ಆದರೆ ಹೆಚ್ಚಿದ್ದು ಶೇ. 8 ಮಾತ್ರ, ಬಹುತೇಕರ ನಾಲಿಗೆಗೆ ಅದು ತಿಳಿಯುವುದೂ ಇಲ್ಲ. ಅದೇ 5 ಮಿ.ಲೀ. ನಿಂಬೆರಸಕ್ಕೆ ಸೇರಿದರೆ ಹುಳಿ ಶೇ. 25ರಷ್ಟು ಏರುತ್ತದೆ. ಪಾಕದಲ್ಲಿ ಕಡಿಮೆಯಾದರೆ ಸಿಹಿಯ ಮೂರನೇ ಒಂದು ಭಾಗವೇ ಹೋಯಿತು. ಎರಡು ತಪ್ಪೂ ಒಟ್ಟಿಗೆ ಆದಾಗ, ನಿಂಬೆ 25, ಪಾಕ 10 ಎಂದಾದಾಗ, ಹುಳಿಗೆ ಹೋಲಿಸಿದರೆ ಅದನ್ನು ತಡೆದು ನಿಲ್ಲಿಸುವ ಸಕ್ಕರೆ ಮೊದಲಿದ್ದುದರ ಸುಮಾರು ಅರ್ಧಕ್ಕೆ ಇಳಿದಿರುತ್ತದೆ. ತಪ್ಪನ್ನು ಮುಚ್ಚಿಹಾಕಲು ಡೈಕಿರಿಯಲ್ಲಿ ಮೊಟ್ಟೆಯ ಬಿಳಿಯಿಲ್ಲ, ಬಿಟರ್ಸ್ ಇಲ್ಲ, ಬೇರೆ ಹಣ್ಣಿನ ರಸವೂ ಇಲ್ಲ.

ಅಳತೆಯ ಜಾಗ್ರತೆ ರಮ್ಮಿಗಿಂತ ಹೆಚ್ಚಾಗಿ ಬೇಕಾದದ್ದು ಈ ಎರಡು ಸಣ್ಣ ಪ್ರಮಾಣಗಳಿಗೆ. ಕರ್ನಾಟಕದ ಬಾರುಗಳಲ್ಲಿ ಸಾಮಾನ್ಯವಾಗಿ ಕಾಣುವ ಪೆಗ್ ಮೆಷರ್‌ನಲ್ಲಿ ಒಂದು ಬದಿ 30, ಇನ್ನೊಂದು ಬದಿ 60 ಮಿ.ಲೀ. ಅದು ರಮ್ಮನ್ನು ಸರಿಯಾಗಿ ಅಳೆಯುತ್ತದೆ; 20 ಮತ್ತು 15 ಮಾತ್ರ ಕಣ್ಣಂದಾಜಿಗೆ ಬೀಳುತ್ತವೆ.

ಕಣ್ಣು ಅಲ್ಲಿ ಮೋಸಹೋಗಲು ಕಾರಣ ಬಟ್ಟಲಿನ ಆಕಾರ. ಆಲಿಕೆಯಂತೆ ಕೆಳಗೆ ಕಿರಿದಾಗಿ ಮೇಲೆ ಅಗಲವಾದ ಪಾತ್ರೆಯಲ್ಲಿ ದ್ರವದ ಬಹುಪಾಲು ನಿಲ್ಲುವುದು ಅಂಚಿನ ಹತ್ತಿರವೇ. ಪೂರ್ತಿ ಶಂಕುವಿನಾಕಾರದ ಬಟ್ಟಲನ್ನು ಎತ್ತರದ ಹತ್ತರಲ್ಲಿ ಒಂಬತ್ತು ಪಾಲು ತುಂಬಿ ನಿಲ್ಲಿಸಿದರೆ ಅದರಲ್ಲಿರುವುದು ಶೇ. 73 ಮಾತ್ರ. ಚೆಲ್ಲೀತೆಂದು ಅಂಚಿಗಿಂತ ತುಸು ಕೆಳಗೆ ನಿಲ್ಲಿಸುವವರು ಪ್ರತಿ ಸಲವೂ ಕಾಲು ಭಾಗದಷ್ಟು ಕಳೆದುಕೊಳ್ಳುತ್ತಿರುತ್ತಾರೆ. ಉದ್ದನೆಯ, ಸಪೂರ ಜಿಗ್ಗರ್‌ನಲ್ಲಿ ಈ ನಷ್ಟ ಕಡಿಮೆ. ಯಾವುದನ್ನೇ ಬಳಸಲಿ, ಅಲ್ಲಾಡಿಸದೆ ಮಟ್ಟಸವಾಗಿ ಹಿಡಿದು ಅಂಚಿನವರೆಗೆ ತುಂಬಬೇಕು. ಅನುಭವಿಗಳು ನಿಂಬೆರಸ, ಪಾಕಗಳನ್ನು ಮೊದಲು ಹಾಕಿ ರಮ್ಮನ್ನು ಕೊನೆಗೆ ಸುರಿಯುತ್ತಾರೆ. ತಪ್ಪಿದರೆ ಚೆಲ್ಲಬೇಕಾದದ್ದು ಅಗ್ಗದ ಪದಾರ್ಥವಷ್ಟೇ.

ಜಿಗ್ಗರ್ ಹಿಡಿಯಲಾರದ ತಪ್ಪುಗಳೂ ಇವೆ. ಸಕ್ಕರೆ, ನೀರು ಸಮತೂಕದಲ್ಲಿ ಕರಗಿಸಿದ ಪಾಕದ 15 ಮಿ.ಲೀ.ನಲ್ಲಿ ಸುಮಾರು 9 ಗ್ರಾಂ ಸಕ್ಕರೆ ಇರುತ್ತದೆ. ನೀರಿನ ಎರಡರಷ್ಟು ಸಕ್ಕರೆ ಹಾಕಿದ ಗಟ್ಟಿ ಪಾಕವಾದರೆ ಅದು 13 ಗ್ರಾಂ ದಾಟುತ್ತದೆ. ಅಳತೆ ಕರಾರುವಾಕ್ಕಾಗಿದ್ದರೂ ಲೋಟಕ್ಕೆ ಬರುವುದು ಬೇರೆಯದೇ ಪೇಯ. ಐಸ್ ಕೂಡ ಲೆಕ್ಕಕ್ಕೆ ಸೇರುತ್ತದೆ: ಕುಲುಕುವಾಗ ಕರಗುವ ನೀರು ಸುರಿದ ಒಟ್ಟು ದ್ರವದ ಅರ್ಧದಷ್ಟಾಗಬಹುದು.

ಯಾವುದು ತಪ್ಪಿದೆಯೆಂದು ನಾಲಿಗೆಯೇ ಹೇಳುತ್ತದೆ. ಕುಲುಕುವ ಮೊದಲು ರುಚಿ ನೋಡಿ ಪ್ರಯೋಜನವಿಲ್ಲ, ಏಕೆಂದರೆ ತಣ್ಣಗಾದಾಗ ಸಿಹಿ ಮಂಕಾಗುತ್ತದೆ. ಮೊದಲ ಗುಟುಕು ಹಿತವಾಗಿದ್ದು, ಲೋಟ ಬೆಚ್ಚಗಾಗುತ್ತ ಬಂದಂತೆ ಅಂಟಂಟು ಸಿಹಿ ತೋರಿದರೆ ಪಾಕ ಹೆಚ್ಚಾಗಿದೆ. ಹುಳಿ ದವಡೆಗೆ ಚುರ್ರೆಂದು ತಾಗಿ ರಮ್ಮಿನ ಘಮವೇ ಮರೆಯಾದರೆ ನಿಂಬೆ ಹೆಚ್ಚಿದೆ, ಇಲ್ಲವೇ ಪಾಕ ಸಾಲದು. ಹುಳಿ, ಸಿಹಿ ಎರಡೂ ಸಪ್ಪೆಯಾಗಿದ್ದರೆ ತಪ್ಪು ಜಿಗ್ಗರಿನದಲ್ಲ; ನೀರೊಡೆದ ಹಳೆಯ ಐಸ್ ಬಳಸಿರಬೇಕು.

ಹಾಗೆಂದು ಎಲ್ಲರಿಗೂ ಒಪ್ಪುವ ಒಂದೇ ಅಳತೆಯಿಲ್ಲ. ಅಮೆರಿಕದ ವಕೀಲ ಡೇವಿಡ್ ಎಂಬರಿ 1948ರ ತನ್ನ ಪುಸ್ತಕದಲ್ಲಿ ಎಂಟು ಪಾಲು ರಮ್ಮಿಗೆ ಎರಡು ಪಾಲು ನಿಂಬೆರಸ, ಒಂದು ಪಾಲು ಪಾಕ ಎಂದ. 60 ಮಿ.ಲೀ. ರಮ್ಮಿಗೆ ಅದು 15 ಮತ್ತು 7.5 ಮಿ.ಲೀ. ಆಗುತ್ತದೆ. ರಮ್ಮೇ ಮುಂದೆ ನಿಲ್ಲುವ, ಖಡಕ್ ರುಚಿಯದು. ಅದರಲ್ಲಿ ಒಂದು ಟೀ ಚಮಚ ಪಾಕ ತಪ್ಪಿದರೆ ಸಿಹಿಯ ಮೂರನೇ ಎರಡು ಭಾಗವೇ ಏರುಪೇರಾಗುತ್ತದೆ.

ಜಿಗ್ಗರ್ ಇಲ್ಲದ ಮನೆಯಲ್ಲಿ ಕೇಕ್ ಮಾಡಲು ಬಳಸುವ ಅಳತೆ ಚಮಚಗಳು ಸಾಕು: ದೊಡ್ಡದು 15, ಚಿಕ್ಕದು 5 ಮಿ.ಲೀ.; ಎರಡೂ ಸೇರಿದರೆ ನಿಂಬೆರಸದ 20. ಹೊಸ ಜಿಗ್ಗರ್ ತಂದವರು ಅದನ್ನು ಅಡುಗೆಮನೆಯ ಡಿಜಿಟಲ್ ತಕ್ಕಡಿಯ ಮೇಲಿಟ್ಟು, ಸೊನ್ನೆ ಮಾಡಿ, ಅಂಚಿನವರೆಗೆ ನೀರು ತುಂಬಿ ನೋಡಬಹುದು. 20 ಮಿ.ಲೀ. ಎಂದು ಕೊರೆದ ಬಟ್ಟಲು 20 ಗ್ರಾಂ ತೋರಿಸಬೇಕು.