ಅರ್ಧ ಮಿಲಿಸೆಕೆಂಡಿನ ನಿರಾಕರಣೆ, ಎರಡು ನಿಮಿಷದ ಮೌನ

ಲಿನಕ್ಸ್ ಯಂತ್ರವೊಂದು ಅದೇ ಕಟ್ಟಡದ ಡೇಟಾಬೇಸ್ ಸರ್ವರ್‌ನ 5432ನೇ ಪೋರ್ಟ್ ತಟ್ಟುತ್ತದೆ ಎನ್ನೋಣ. ಅಲ್ಲಿ ಪೋಸ್ಟ್‌ಗ್ರೆಸ್ ನಿಂತುಹೋಗಿದ್ದರೆ `Connection refused` ಬರಲು ಅರ್ಧ ಮಿಲಿಸೆಕೆಂಡು ಸಾಕು. ನಡುವಿನ ಫೈರ್‌ವಾಲ್ ಆ ಕರೆಯನ್ನು ಸದ್ದಿಲ್ಲದೆ ನುಂಗಿದರೆ, `Connection timed out` ಎಂದು ಕಾಣಲು 127 ಸೆಕೆಂಡು ಬೇಕು. ಎರಡೂವರೆ ಲಕ್ಷ ಪಟ್ಟು! ಅಷ್ಟು ಹೊತ್ತಿಗೆ ಫೈಬರ್‌ನೊಳಗಿನ ಬೆಳಕು ಎರಡೂವರೆ ಕೋಟಿ ಕಿಲೋಮೀಟರ್ ಓಡಿರುತ್ತದೆ. ಚಂದ್ರನಿಗೆ ಮೂವತ್ತಮೂರು ಸಲ ಹೋಗಿಬರುವಷ್ಟು.

ಈ 127ರ ಲೆಕ್ಕ ಸರಳ. ಮೊದಲ ಪ್ಯಾಕೆಟ್‌ಗೆ ಉತ್ತರವಿಲ್ಲದಿದ್ದರೆ ಕರ್ನೆಲ್ ಒಂದು ಸೆಕೆಂಡು ಕಾದು ಮತ್ತೆ ಕಳಿಸುತ್ತದೆ. ಆಮೇಲೆ 2, 4, 8, 16, 32 ಸೆಕೆಂಡುಗಳ ಅಂತರ. ಏಳನೆಯದನ್ನು ಕಳಿಸಿ 64 ಸೆಕೆಂಡು ಕಾದು ಕೈಚೆಲ್ಲುತ್ತದೆ. (ಈಚಿನ ಕರ್ನೆಲ್‌ಗಳಲ್ಲಿ ಅಂತರಗಳು ಬದಲಾಗಿವೆ, ಒಟ್ಟು ಹೊತ್ತು ಮಾತ್ರ ಎರಡು ನಿಮಿಷದ ಆಸುಪಾಸೇ.)

ಬೈಸಿಕೊಳ್ಳುವುದು ಹೆಚ್ಚಾಗಿ ನಿರಾಕರಣೆಯೇ, ಆದರೆ ನಿರಾಕರಣೆ, ಮೌನ, ಹೆಸರಿನ ದೋಷ ಈ ಮೂರರಲ್ಲಿ ಅತಿ ಹೆಚ್ಚು ಸುದ್ದಿ ತರುವುದೂ ಅದೇ. ಮರಳಿ ಬರುವ ಪ್ಯಾಕೆಟ್ ಬರೀ 40 ಬೈಟ್. ಅಷ್ಟರಿಂದಲೇ ಹೆಸರು ವಿಳಾಸವಾಗಿದೆ, ಹೋಗುವ ದಾರಿಯೂ ಬರುವ ದಾರಿಯೂ ತೆರೆದಿವೆ, ಆಚೆಯ ಕರ್ನೆಲ್ ಎಚ್ಚರವಾಗಿದೆ ಎಂದು ತಿಳಿಯುತ್ತದೆ. 65,535 ಪೋರ್ಟ್‌ಗಳಲ್ಲಿ ಈ ಒಂದರ ಬಳಿ ಕೇಳುವವರಿಲ್ಲ, ಅಷ್ಟೇ. ಪೋಸ್ಟ್‌ಗ್ರೆಸ್ ಓಡುತ್ತಿದ್ದೂ 127.0.0.1ಕ್ಕಷ್ಟೇ ಕಿವಿಗೊಟ್ಟಿದ್ದರೆ ಹೊರಗಿನವರಿಗೆ ಸಿಗುವುದು ಇದೇ ಉತ್ತರ. ಹಾಗಾಗಿ ಮೊದಲು ಆ ಯಂತ್ರದಲ್ಲಿ `ss -ltn` ಓಡಿಸಿ ನೋಡಬೇಕು. ಕೆಲವು ಫೈರ್‌ವಾಲ್‌ಗಳು ಸರ್ವರ್‌ನ ಪರವಾಗಿ ತಾವೇ ಈ ನಿರಾಕರಣೆ ಕಳಿಸುತ್ತವೆ ಎಂಬುದೊಂದು ತೊಡಕು.

`Could not resolve host` ಬಂದಾಗಲಂತೂ ಆ ಸರ್ವರ್‌ಗೆ ಹೋದ ಪ್ಯಾಕೆಟ್‌ಗಳ ಸಂಖ್ಯೆ ಸೊನ್ನೆ. ಅದು ಬದುಕಿದೆಯೋ ಸತ್ತಿದೆಯೋ ಈ ಸಂದೇಶಕ್ಕೆ ಗೊತ್ತಿಲ್ಲ. 2021ರ ಅಕ್ಟೋಬರ್ 4ರಂದು ಫೇಸ್‌ಬುಕ್ ಸುಮಾರು ಆರು ಗಂಟೆ ಮಾಯವಾದಾಗ ಜಗತ್ತಿಗೆ ಕಂಡದ್ದು ಹೆಸರಿನ ದೋಷವೇ. ಅವರ ಡಿಎನ್‌ಎಸ್ ಸರ್ವರ್‌ಗಳು ಓಡುತ್ತಲೇ ಇದ್ದವು. ಒಳಗಿನ ಬೆನ್ನೆಲುಬು ಜಾಲ ಕುಸಿದು ಡೇಟಾ ಸೆಂಟರ್‌ಗಳು ಕೈಗೆ ಸಿಗದಾದಾಗ, ಆ ಡಿಎನ್‌ಎಸ್ ಸರ್ವರ್‌ಗಳು ತಮ್ಮತ್ತ ಬರುವ ದಾರಿಯ ಘೋಷಣೆಯನ್ನೇ ಹಿಂತೆಗೆದುಕೊಂಡವು. ದೋಷದ ಬೇರು ಸಂದೇಶ ತೋರಿಸಿದ ಕಡೆಗಿಂತ ಎರಡು ಹೆಜ್ಜೆ ಆಚೆಗಿತ್ತು.

ಮೌನ ಇದಕ್ಕಿಂತ ಕಷ್ಟ. ಕರೆ ಹೋಗುವಾಗ ಕಳೆಯಿತೋ, ಉತ್ತರ ಬರುವಾಗ ಕಳೆಯಿತೋ, ಯಂತ್ರವೇ ಆರಿದೆಯೋ, ಕಳಿಸಿದ ಕಡೆ ಕೂತು ಹೇಳಲಾಗದು. ಸರ್ವರ್ ಒಳಗೆ ಹೋಗಲು ಬೇರೆ ದಾರಿಯಿದ್ದರೆ ಅಲ್ಲಿ ಇದನ್ನು ಓಡಿಸಿ, ಇತ್ತಲಿಂದ ಮತ್ತೆ ತಟ್ಟಬೇಕು:

```
tcpdump -ni any tcp port 5432
```

ಒಂದೂ ಪ್ಯಾಕೆಟ್ ಕಾಣದಿದ್ದರೆ ದಾರಿಯಲ್ಲಿ ಹುಡುಕಿ. ಕರೆ ಬಂದರೂ ಉತ್ತರ ಹೊರಡದಿದ್ದರೆ ಆ ಯಂತ್ರದ ಫೈರ್‌ವಾಲ್ ನೋಡಿ. ಉತ್ತರವೂ ಹೊರಟಿದ್ದರೆ, ತೊಂದರೆ ಮರಳುವ ದಾರಿಯಲ್ಲಿದೆ.